ಬ್ಯೂರ್, ಬೂರ್: ಒಂದೇ ಮನೆ, ಮೂರು ವಯಸ್ಸು, ಒಂದು ಹೊಸ ಭಾಷೆ

2016ರ ಆಗಸ್ಟ್‌ನಲ್ಲಿ ನಾವು ಹಾಸನದಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದೆವು. ಆಗ ನನಗೆ 38 ವರ್ಷ. ಮಗಳಿಗೆ 12, ಮಗನಿಗೆ ಆಗಷ್ಟೇ 4 ತುಂಬಿತ್ತು. ಮೂವರಿಗೂ ಡಚ್ ಭಾಷೆಯ ಒಂದು ಪದವೂ ಗೊತ್ತಿರಲಿಲ್ಲ. ನಮ್ಮ ಯಜಮಾನರ ಆಫೀಸಿನಲ್ಲಿ ಪೂರ್ತಿ ಇಂಗ್ಲಿಷ್, ಹಾಗಾಗಿ ಅವರನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಹೊರಡುವ ಮೊದಲು ಎಲ್ಲರೂ ಒಂದೇ ಮಾತು ಹೇಳಿದ್ದರು. "ಚಿಕ್ಕವನು ಮೂರು ತಿಂಗಳಲ್ಲಿ ಕಲಿತುಬಿಡ್ತಾನೆ. ನಿನಗೇ ಕಷ್ಟ ಕಣಮ್ಮ." ಅದನ್ನು ನಂಬಿಕೊಂಡೇ ಬಂದೆ. ಆದರೆ ಊರಲ್ಲಿ ಟೀಚರ್ ಆಗಿದ್ದವಳಿಗೆ ಬರೆದಿಡುವ ಅಭ್ಯಾಸ ಬಿಡಲಿಲ್ಲ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮೂವರಿಗೂ ಒಂದೊಂದು ಪುಟ ಮಾಡಿ, ಯಾರು ಯಾವಾಗ ಏನು ಹೇಳಿದರು ಅಂತ ತಾರೀಖು ಹಾಕಿ ಬರೆಯುತ್ತಾ ಹೋದೆ.

ಡಿಸೆಂಬರ್ ಹೊತ್ತಿಗೆ ಆ ಪುಟಗಳು ಎಲ್ಲರ ಮಾತಿಗೆ ತಲೆಕೆಳಗಾಗಿದ್ದವು. ಮಗಳು ಅಂಗಡಿಯಲ್ಲಿ ಕೇಳಿ ಸಾಮಾನು ತರುತ್ತಿದ್ದಳು. ನಾನು ಡಾಕ್ಟರ ಅಪಾಯಿಂಟ್‌ಮೆಂಟ್ ಅನ್ನು ಫೋನಿನಲ್ಲಿ ಮುಂದೂಡುವಷ್ಟು ಮಾತಾಡುತ್ತಿದ್ದೆ. ಮಗನ ಪುಟದಲ್ಲಿ ಇದ್ದದ್ದು ಹತ್ತೇ ಪದ. "ಬೇಡ", "ನನ್ನದು", "ನೋಡು", ಹೀಗೆ. ಶಾಲೆಯಲ್ಲಿ ಅವನು ಬಾಯೇ ಬಿಡುತ್ತಿರಲಿಲ್ಲ. ನನಗೆ ಭಯವಾಗಿ ಟೀಚರ್ ಹತ್ತಿರ ಹೋದೆ. "ಈ ವಯಸ್ಸಿನವರು ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಅವನು ಹೇಳಿದ್ದನ್ನೆಲ್ಲ ಮಾಡ್ತಿದ್ದಾನೆ, ಕಾಯೋಣ" ಅಂದರು ಆಕೆ.

ಆಮೇಲೆ ಓದಿ ತಿಳಿದೆ, ಇದೇ ದೇಶದಲ್ಲಿ ಇದನ್ನೇ ಅಳೆದು ನೋಡಿದವರಿದ್ದಾರೆ. ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್ನಾಗಲ್-ಹೋಲೆ ಎಂಬ ಇಬ್ಬರು, ನೆದರ್‌ಲ್ಯಾಂಡ್ಸ್‌ಗೆ ಬಂದ ಇಂಗ್ಲಿಷ್ ಮಾತಾಡುವ ಜನರನ್ನು ಒಂದು ವರ್ಷ ಗಮನಿಸಿ 1978ರಲ್ಲಿ ಬರೆದರು. ಮೊದಲ ತಿಂಗಳುಗಳಲ್ಲಿ ಎಲ್ಲರಿಗಿಂತ ಬೇಗ ಮುಂದೆ ಹೋದವರು 12ರಿಂದ 15ರ ಮಕ್ಕಳು ಮತ್ತು ದೊಡ್ಡವರು. ಎಲ್ಲ ಪರೀಕ್ಷೆಗಳಲ್ಲೂ ಹಿಂದೆ ಉಳಿದವರು 3ರಿಂದ 5 ವರ್ಷದವರು. ನನ್ನ ನೋಟ್‌ಬುಕ್ಕಿನಲ್ಲೂ ಅದೇ ಕ್ರಮ.

ಹಾಗಾದರೆ ಚಿಕ್ಕವರು ಚೆನ್ನಾಗಿ ಕಲಿಯುತ್ತಾರೆ ಅನ್ನೋದು ಸುಳ್ಳಾ? ಸುಳ್ಳಲ್ಲ. ಬೇಗ ಕಲಿಯುವುದು ಬೇರೆ, ಕೊನೆಗೆ ಎಲ್ಲಿಗೆ ಮುಟ್ಟುತ್ತೇವೆ ಅನ್ನುವುದು ಬೇರೆ. ನಾವು ಎರಡನ್ನೂ ಕಲಸಿಬಿಡುತ್ತೇವೆ. ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಒಂದು ಮಗು ವರ್ಷಕ್ಕೆ ಸುಮಾರು 900 ಗಂಟೆ ಡಚ್ಚಿನಲ್ಲೇ ಕಳೆಯುತ್ತದೆ. ನನ್ನ ಸಂಜೆ ಕ್ಲಾಸು ವಾರಕ್ಕೆ ಎರಡು ದಿನ, ಎರಡೂವರೆ ಗಂಟೆ. ರಜೆ ಬಿಟ್ಟರೆ ವರ್ಷಕ್ಕೆ 200 ಗಂಟೆ. ಎರಡು ವರ್ಷದ ಮೇಲೆ ಮಗ ನನ್ನನ್ನು ದಾಟಿ ಹೋದ. ಅಷ್ಟರಲ್ಲಿ ಅವನ ಕಿವಿಗೆ ನನ್ನ ನಾಲ್ಕೂವರೆ ಪಟ್ಟು ಭಾಷೆ ಬಿದ್ದಿತ್ತು. ಅದನ್ನೆಲ್ಲ ವಯಸ್ಸಿನ ಖಾತೆಗೆ ಬರೆಯುವುದು ಸರಿಯಲ್ಲ.

ಇಷ್ಟು ಕಳೆದ ಮೇಲೂ ವಯಸ್ಸಿನ ಪಾಲು ಅಂತ ಒಂದು ಉಳಿಯುತ್ತದೆ. ಅದು ನನಗೆ ಸಿಕ್ಕಿದ್ದು ಎರಡು ಪದಗಳಲ್ಲಿ.

ಡಚ್ಚಿನಲ್ಲಿ ಬೂರ್ ಅಂದರೆ ರೈತ. ಪಕ್ಕದ ಮನೆಯವರಿಗೆ ಹೇಳುವ ಪದ ಇನ್ನೊಂದಿದೆ, ಅದರ ನಡುವಿನ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಇಲ್ಲಿ ಅದನ್ನು ಬ್ಯೂರ್ ಅಂತ ಬರೆಯುತ್ತೇನೆ, ಆದರೆ ಉಚ್ಚಾರ ಹಾಗಲ್ಲ. ಒಂದು ಬೆಳಿಗ್ಗೆ ನನಗೆ ಜ್ವರ, ಪಕ್ಕದ ಮನೆಯವರು ಮಗನನ್ನು ಶಾಲೆಗೆ ಬಿಟ್ಟರು. ನಾನು ಫೋನ್ ಮಾಡಿ ಟೀಚರ್‌ಗೆ ಹಾಗಂತ ಹೇಳಿದೆ. "ಯಾವ ರೈತರು?" ಅಂತ ಅವರು ಎರಡು ಸಲ ಕೇಳಿದರು. ನನ್ನ ಕಿವಿಗೆ ನಾನು ಹೇಳಿದ್ದು ಸರಿಯಾಗೇ ಇತ್ತು. ಸಮಸ್ಯೆ ನಾಲಿಗೆಯದ್ದಲ್ಲ, ಕಿವಿಯದ್ದು ಅಂತ ಅವತ್ತು ಗೊತ್ತಾಯಿತು.

ಇದರ ಮೂಲ ಬಹಳ ಹಿಂದಿದೆ. 1984ರಲ್ಲಿ ಜೆನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿ ನೋಡಿದರು. ಆರೇಳು ತಿಂಗಳ ಕೂಸು ಎರಡನ್ನೂ ಬೇರೆ ಬೇರೆ ಅಂತ ಗುರುತಿಸುತ್ತದೆ. ಒಂದು ವರ್ಷವಾಗುವ ಹೊತ್ತಿಗೆ ಹೆಚ್ಚಿನವು ಗುರುತಿಸುವುದಿಲ್ಲ. ಮನೆ ಭಾಷೆಗೆ ಬೇಡದ ವ್ಯತ್ಯಾಸವನ್ನು ಕಿವಿ ಬದಿಗಿಡುತ್ತದೆ. ಕನ್ನಡದ ಕಿವಿಗೆ ತುಟಿ ಗುಂಡಗೆ ಮಾಡಿದರೆ ಅದು ಊ, ಮುಗಿಯಿತು. ಮುಂದೆ ಇರುವ ನಾಲಿಗೆಗೆ ಗುಂಡು ತುಟಿ ಸೇರಬಹುದು ಅಂತ ಅದಕ್ಕೆ ಗೊತ್ತೇ ಇಲ್ಲ.

ನಾನು ಮಾಡಿದ್ದ ತಪ್ಪು ಇನ್ನೊಂದಿತ್ತು. ಕ್ಲಾಸಿನಲ್ಲಿ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡಕ್ಕೂ "ಬೂರ್" ಅಂತಲೇ ಬರೆದಿದ್ದೆ! ಪ್ರತಿ ಸಲ ಓದಿದಾಗಲೂ ಎರಡೂ ಒಂದೇ ಅಂತ ನನಗೆ ನಾನೇ ಪಾಠ ಹೇಳಿಕೊಂಡ ಹಾಗಾಯಿತು. ಆ ನೋಟ್ಸನ್ನು ಅವತ್ತೇ ಎತ್ತಿಟ್ಟೆ.

ಆಮೇಲೆ ಹೀಗೆ ಮಾಡಿದೆ. ಈ ಎರಡು ಸ್ವರಗಳಲ್ಲಿ ಮಾತ್ರ ಬೇರೆಯಾಗುವ ಪದಗಳನ್ನು ಹುಡುಕಿದೆ: ರೈತ ಮತ್ತು ನೆರೆಯವರು, ನಟ್ಟು ಮತ್ತು ಗೋಡೆ, ಮೇವು ಮತ್ತು ಬೆಂಕಿ, ಗಟ್ಟಿಗ ಮತ್ತು ಸ್ಟೀರಿಂಗ್. ಐದು ಜನರ ಕೈಲಿ ಅವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿದೆ. ಪಕ್ಕದ ಮನೆಯ ದಂಪತಿ, ಅವರ ಮಗಳು, ಬೇಕರಿಯಾಕೆ, ನನ್ನ ಕ್ಲಾಸಿನ ಟೀಚರ್. ಒಬ್ಬರದೇ ದನಿ ಆದರೆ ಕಿವಿ ಆ ದನಿಯನ್ನು ಕಲಿಯುತ್ತದೆ, ಸ್ವರವನ್ನಲ್ಲ. ಜಪಾನಿನವರಿಗೆ ರ ಮತ್ತು ಲ ಕಲಿಸಲು ಹಲವು ದನಿಗಳನ್ನು ಕೇಳಿಸುವ ಈ ದಾರಿಯನ್ನು 1991ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ದಿನಾ 15 ನಿಮಿಷ, ಮಗಳು ಮನಸ್ಸಿಗೆ ಬಂದದ್ದನ್ನು ಹಾಕುವಳು, ನಾನು ಯಾವುದು ಅಂತ ಹೇಳಬೇಕು, ಅವಳು ತಕ್ಷಣ ಸರಿ ಅಥವಾ ತಪ್ಪು ಅನ್ನಬೇಕು. ಆ ತಕ್ಷಣ ಅನ್ನುವುದು ಮುಖ್ಯ. ಪಟ್ಟಿಯ ಕೊನೆಗೆ ಒಟ್ಟಿಗೆ ಹೇಳಿದಾಗ ನಾನು ಒಂದಿಂಚೂ ಮುಂದೆ ಹೋಗಲಿಲ್ಲ.

ಮೊದಲ ದಿನ 20ಕ್ಕೆ 11. ಕಣ್ಣು ಮುಚ್ಚಿ ಹೇಳಿದರೂ 10 ಬರುತ್ತಿತ್ತು ಅಲ್ವಾ? ಮೂರನೇ ವಾರದವರೆಗೂ 12 ದಾಟಲಿಲ್ಲ. ನಾಲ್ಕನೇ ವಾರ ಬೇಕರಿಯಾಕೆಯ ದನಿಯಲ್ಲಿ ಮೊದಲು ವ್ಯತ್ಯಾಸ ಕೇಳಿಸಿತು, ಆಮೇಲೆ ಉಳಿದವರದು. ಆರನೇ ವಾರಕ್ಕೆ 17. ಹೇಳುವುದು ಅಷ್ಟು ಕಷ್ಟವಾಗಲಿಲ್ಲ. "ಈ" ಅನ್ನಿ, ನಾಲಿಗೆಯನ್ನು ಅಲ್ಲೇ ಹಿಡಿದಿಡಿ, ತುಟಿಯನ್ನು ಮಾತ್ರ "ಊ" ಅನ್ನುವಾಗಿನ ಹಾಗೆ ಗುಂಡಗೆ ಮಾಡಿ. ಆ ಸ್ವರ ಬರುತ್ತದೆ. ನಾಲಿಗೆ ಹಿಂದಕ್ಕೆ ಜಾರಿತೋ, ಮತ್ತೆ ರೈತರೇ ಬರುತ್ತಾರೆ.

ಮಗನಿಗೆ ಇದು ಯಾವುದೂ ಬೇಕಾಗಲಿಲ್ಲ. ಅವನು ಮೊದಲ ಸಲ ಆ ಪದ ಹೇಳಿದಾಗಲೇ ಪಕ್ಕದ ಮನೆಯವರ ಹಾಗೆ ಹೇಳಿದ. ನನಗೆ ಇವತ್ತಿಗೂ ಗದ್ದಲದಲ್ಲಿ, ಫೋನಿನಲ್ಲಿ, ಸಾಕಾಗಿ ಬಂದ ಸಂಜೆಯಲ್ಲಿ ಆ ಸ್ವರ ಕೈ ಕೊಡುತ್ತದೆ.

ವ್ಯಾಕರಣದ ಕಥೆ ಬೇರೆ. ಡಚ್ಚಿನಲ್ಲಿ "ಯಾಕಂದರೆ" ಎಂಬ ಅರ್ಥದ "ಓಮ್‌ದಾತ್" ಪದದಿಂದ ಶುರುವಾದ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಮನೆಮಾತಿನ ಸಹಪಾಠಿಗಳು ಅಲ್ಲಿ ವರ್ಷಗಟ್ಟಲೆ ಎಡವಿದರು. ನನಗೆ ಅದು ಊರಿನ ದಾರಿ ಇದ್ದ ಹಾಗಿತ್ತು. ಕನ್ನಡದಲ್ಲಿ ಕ್ರಿಯಾಪದ ಇರೋದೇ ಅಲ್ಲಿ. ಒಂದು ಸಲ ನಿಯಮ ಕೇಳಿದೆ, ಬಂತು. ದೊಡ್ಡವರಿಗೆ ಇರುವ ಬಲ ಇದು. ನಿಯಮ ಹೇಳಿದರೆ ಹಿಡಿದುಕೊಳ್ಳುತ್ತೇವೆ, ಗೊತ್ತಿರುವ ಭಾಷೆಯಿಂದ ಸಾಲ ತರುತ್ತೇವೆ.

ನಿಯಮವಿಲ್ಲದ ಕಡೆ ಈ ಬಲ ಕೆಲಸಕ್ಕೆ ಬರುವುದಿಲ್ಲ. ಇಂಗ್ಲಿಷಿನ "ದಿ" ಹಾಗೆ ಡಚ್ಚಿನಲ್ಲಿ ನಾಮಪದಕ್ಕೆ ಮೊದಲು "ದೆ" ಅಥವಾ "ಹೆತ್" ಬರುತ್ತದೆ. ಮೇಜಿಗೆ ದೆ, ಮನೆಗೆ ಹೆತ್. ಹುಡುಗಿಗೂ ಹೆತ್, ಯಾಕೆಂದರೆ ಆ ಪದದ ಕೊನೆಗೆ ಪುಟ್ಟದು ಎಂಬ ಅರ್ಥದ ಬಾಲ ಇದೆ. ಆ ಬಾಲ ಇದ್ದರೆ ಯಾವಾಗಲೂ ಹೆತ್, ಅದೊಂದು ಗಟ್ಟಿ ನಿಯಮ. ಉಳಿದದ್ದನ್ನು ಪದದ ಜೊತೆಗೇ ಕಲಿಯಬೇಕು. ಮುಕ್ಕಾಲು ಪಾಲು ಪದಗಳು ದೆ ಆದ್ದರಿಂದ ನಾನು ಹೆತ್ ಪದಗಳನ್ನು ಮಾತ್ರ ಹಸಿರು ಶಾಯಿಯಲ್ಲಿ ಬರೆದು, ಎರಡನ್ನೂ ಒಂದೇ ಪದ ಅನ್ನುವಂತೆ ಜೋರಾಗಿ ಹೇಳಿಕೊಂಡೆ. ಬರೆಯುವಾಗ ಈಗ ಬಹುಪಾಲು ಸರಿ ಬರುತ್ತದೆ. ಮಾತಿನ ಓಟದಲ್ಲಿ ತಪ್ಪಿದರೆ ನನಗೆ ತಪ್ಪಿದ್ದೇ ಗೊತ್ತಾಗುವುದಿಲ್ಲ.

ಇದರಲ್ಲಿ ಮಗನೂ ಮಾಂತ್ರಿಕನಲ್ಲ. ಆರು ವರ್ಷವಾದರೂ ಹುಡುಗಿಗೆ ದೆ ಅನ್ನುತ್ತಿದ್ದ. ಇಲ್ಲೇ ಹುಟ್ಟಿದ ಮಕ್ಕಳೂ ಆ ವಯಸ್ಸಿನವರೆಗೆ ಅದನ್ನು ತಪ್ಪುತ್ತಾರೆ. ಎಂಟಾದ ಮೇಲೆ ಅವನು ನನ್ನನ್ನು ತಿದ್ದತೊಡಗಿದ. "ಅಮ್ಮಾ, ಅದು ಹೆತ್." ಯಾಕೋ ಅಂದರೆ, "ಹಾಗೇ ಅಮ್ಮ, ಇನ್ನೊಂದು ಕಿವಿಗೆ ಚುಚ್ಚುತ್ತೆ." ಆ ಚುಚ್ಚುವಿಕೆಯನ್ನು ನಾನು ಎಷ್ಟು ಶಾಯಿ ಖರ್ಚು ಮಾಡಿದರೂ ಕೊಂಡುಕೊಳ್ಳಲಾಗಲಿಲ್ಲ.

ಭಾಷೆ ಕಲಿಯಲು ಒಂದು ಗಡುವು ಇದೆ ಎಂಬ ಮಾತಿಗೆ ರೂಪ ಕೊಟ್ಟವರು ಎರಿಕ್ ಲೆನ್ನೆಬರ್ಗ್, 1967ರಲ್ಲಿ. ಮೈನೆರೆಯುವ ವಯಸ್ಸಿನವರೆಗೆ ಸುಮ್ಮನೆ ಕೇಳಿದರೆ ಸಾಕು, ಭಾಷೆ ಬರುತ್ತದೆ, ಆಮೇಲೆ ಪ್ರಯತ್ನಪಟ್ಟು ಕಲಿಯಬೇಕು, ಉಚ್ಚಾರದಲ್ಲಿ ಹಳೆಯ ಭಾಷೆ ಉಳಿಯುತ್ತದೆ ಅಂದರು. 40ರಲ್ಲೂ ಹೊಸ ಭಾಷೆ ಕಲಿತು ವ್ಯವಹರಿಸಬಹುದು ಅಂತಲೂ ಅವರೇ ಬರೆದಿದ್ದಾರೆ. ಜನ ಮೊದಲ ಅರ್ಧ ಮಾತ್ರ ಹೇಳುತ್ತಾರೆ. 2018ರಲ್ಲಿ ಹಾರ್ಟ್‌ಶಾರ್ನ್ ಮತ್ತು ಸಂಗಡಿಗರು ಆನ್‌ಲೈನ್‌ನಲ್ಲಿ ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣ ಪರೀಕ್ಷಿಸಿ, ಕಲಿಯುವ ಶಕ್ತಿ 17ರ ಆಸುಪಾಸಿನವರೆಗೆ ಚೆನ್ನಾಗೇ ಇರುತ್ತದೆ ಅಂದರು. ಆದರೆ ಹುಟ್ಟಿನಿಂದ ಮಾತಾಡುವವರ ಮಟ್ಟ ಮುಟ್ಟಲು ತುಂಬಾ ವರ್ಷ ಬೇಕಾದ್ದರಿಂದ 10ರಿಂದ 12ರೊಳಗೆ ಶುರು ಮಾಡಿರಬೇಕು. ನನ್ನ ಮಗಳು ಸರಿಯಾಗಿ ಆ ಗಡಿಯಲ್ಲಿ ಬಂದವಳು. ವ್ಯಾಕರಣ ಪೂರ್ತಿ ಬಂತು. ಅವಳ ಗಂಟಲಿನ "ಗ" ಮಾತ್ರ ಇನ್ನೂ ಕೇಳಿದವರಿಗೆ ಎಲ್ಲಿಯವಳು ಅಂತ ಅನುಮಾನ ಹುಟ್ಟಿಸುತ್ತದೆ.

ಇನ್ನೊಂದು ವ್ಯತ್ಯಾಸ ಇದೆ, ಅದನ್ನು ಬರುವ ಮೊದಲು ಯಾರೂ ಹೇಳಿರಲಿಲ್ಲ. ಹೊಸ ಭಾಷೆ ಬಂದಾಗ ನನ್ನ ಕನ್ನಡಕ್ಕೆ ಏನೂ ಆಗಲಿಲ್ಲ. ಮಗಳದಕ್ಕೂ ಅಷ್ಟೇ. ಮಗನ ಕನ್ನಡ ಸವೆಯಿತು. ಚಿಕ್ಕಂದಿನಲ್ಲಿ ಹೊಸ ಭಾಷೆಗೆ ಜಾಗ ಕೊಡುವ ಮೃದುತನವೇ ಹಳೆಯದನ್ನೂ ಬಿಟ್ಟುಕೊಡುತ್ತದೆ. ಮೂರರಿಂದ ಎಂಟರೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ ಅವರಿಗೆ ಕೊರಿಯನ್ ಯಾವುದು ಅಂತಲೂ ಗುರುತು ಸಿಗಲಿಲ್ಲ.

ಹೋದ ವರ್ಷ ಅಜ್ಜಿಯ ಜೊತೆ ವಿಡಿಯೊದಲ್ಲಿ ಮಾತಾಡುತ್ತಾ ಮಗ "ನನ್ನ ಸೈಕಲ್ಲು ಹಾಲಾಯ್ತು ಅಜ್ಜಿ" ಅಂದ. ಅಜ್ಜಿ "ಹಾಲಾ? ಯಾವ ಹಾಲೋ ಮಗು?" ಅಂದರು. ನನ್ನ ನೆರೆಯವರು ರೈತರಾದ ದಿನ ನೆನಪಾಯಿತು. ಅವತ್ತೇ ರಾತ್ರಿ ಅಮ್ಮನಿಗೆ ಪಟ್ಟಿ ಕಳಿಸಿದೆ: ಹಾಲು ಹಾಳು, ಬಲಿ ಬಳಿ, ಕಲೆ ಕಳೆ. ಅಮ್ಮ, ಅಣ್ಣ, ಅತ್ತಿಗೆ, ಪಕ್ಕದ ಬೀದಿಯ ಅಂಗಡಿಯವರು, ಎಲ್ಲರ ದನಿಯೂ ಬಂದಿದೆ. ಈಗ ದಿನಾ ಊಟ ಆದ ಮೇಲೆ 15 ನಿಮಿಷ ನಾನು ಹಾಕುತ್ತೇನೆ, ಅವನು ಹೇಳುತ್ತಾನೆ. ನಿನ್ನೆ 20ಕ್ಕೆ 18.