ತೀರ್ಪು ವಿರುದ್ಧವಾಗಿ ಬಂದರೆ: ಅಪೀಲು, ರಿವಿಷನ್, ರಿವ್ಯೂಗಳಲ್ಲಿ ಯಾವ ದಾರಿ?

ಕೋಲಾರದ ಕೋರ್ಟ್ ಆವರಣದಲ್ಲಿ ತೀರ್ಪಿನ ದಿನ ಸೋತವರು ಹೊರಗೆ ಬಂದು ಮೊದಲು ಹೇಳುವುದು ಒಂದೇ ಮಾತು: "ಸಾರ್, ಮೇಲಿನ ಕೋರ್ಟಿಗೆ ಹಾಕಿಬಿಡಿ." ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ದಾರಿಗಳು ಅಡಗಿವೆ. ಅದರಲ್ಲಿ ರಿವ್ಯೂ ಎಂಬುದು ಮೇಲಿನ ಕೋರ್ಟಿಗೆ ಹೋಗುವುದೇ ಇಲ್ಲ, ತೀರ್ಪು ಕೊಟ್ಟ ಕೋರ್ಟಿಗೇ ವಾಪಸ್ಸು ಹೋಗುತ್ತದೆ. ದಾರಿ ತಪ್ಪಿ ಹೊರಟವರಿಗೆ ತಪ್ಪು ಗೊತ್ತಾಗುವ ಹೊತ್ತಿಗೆ ಸರಿಯಾದ ದಾರಿಯ ಗಡುವು ಮುಗಿದಿರುತ್ತದೆ. ಸಿವಿಲ್ ದಾವೆಗಳಲ್ಲಿ ನಾನು ಪದೇ ಪದೇ ಕಂಡಿರುವ ನಷ್ಟ ಇದೇ. ಆದ್ದರಿಂದ ಒಂದು ಪಾಲಿನ ದಾವೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹಂತಹಂತವಾಗಿ ನೋಡೋಣ.

ಶ್ರೀನಿವಾಸಪುರ ಕಡೆಯ ಮೂರು ಎಕರೆ ಮಾವಿನ ತೋಪು ಎಂದುಕೊಳ್ಳಿ. ತೋಪಿನಲ್ಲಿ ಅರ್ಧ ಪಾಲು ಕೊಡಿಸಿ ಎಂದು ತಮ್ಮ ದಾವೆ ಹೂಡಿದ್ದಾನೆ. "2004ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿದೆ, ತೋಪು ನನ್ನ ಭಾಗಕ್ಕೆ ಬಂದಿದೆ" ಎಂಬುದು ಅಣ್ಣನ ವಾದ. ಕಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು ಅಣ್ಣನ ಸಾಕ್ಷಿಗಳನ್ನು ನಂಬಿ ಆಗಸ್ಟ್ 4ರಂದು ದಾವೆ ವಜಾ ಮಾಡಿದೆ.

ಮೊದಲು ನೋಡಬೇಕಾದದ್ದು: ಕೈಯಲ್ಲಿರುವುದು ಡಿಕ್ರಿಯೋ, ನಡುವಿನ ಆದೇಶವೋ?

ದಾವೆಯನ್ನು ಪೂರ್ತಿ ತೀರ್ಮಾನಿಸಿದ್ದರೆ ಅದು ಡಿಕ್ರಿ. ಅದರ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನಡಿ ಅಪೀಲು ಹಕ್ಕಾಗಿಯೇ ಸಿಗುತ್ತದೆ. ಇಬ್ಬರೂ ಒಪ್ಪಿ ರಾಜಿಯಲ್ಲಿ ಪಡೆದ ಡಿಕ್ರಿಗೆ ಮಾತ್ರ ಅಪೀಲಿಲ್ಲ. ದಾವೆ ನಡೆಯುತ್ತಿರುವಾಗ ಮಧ್ಯಂತರ ಅರ್ಜಿಗಳ ಮೇಲೆ ಬರುವ ಆದೇಶಗಳದ್ದು ಬೇರೆ ಲೆಕ್ಕ. ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರೂ ಕೊಡದಿದ್ದರೂ ಅದಕ್ಕೆ ಅಪೀಲುಂಟು. ಅಂಥ ಆದೇಶಗಳ ಪಟ್ಟಿ ಆರ್ಡರ್ 43ರಲ್ಲಿದೆ. ಆ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅಪೀಲಿಲ್ಲ. ರಿವಿಷನ್ ಪ್ರಶ್ನೆ ಹುಟ್ಟುವುದು ಅಲ್ಲಿ.

ನಮ್ಮ ದಾವೆಯಲ್ಲೇ ಅಂಥ ಎರಡು ಆದೇಶಗಳಾಗಿದ್ದವು. ದಾವೆ ಅವಧಿ ಮೀರಿದೆ, ವಾದಪತ್ರವನ್ನೇ ತಿರಸ್ಕರಿಸಿ ಎಂದು ಅಣ್ಣ ಶುರುವಿನಲ್ಲೇ ಅರ್ಜಿ ಹಾಕಿದ್ದ. ಅದು ಸಾಕ್ಷ್ಯ ನೋಡಿ ತೀರ್ಮಾನಿಸಬೇಕಾದ ವಿಷಯ ಎಂದು ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಇನ್ನೊಂದು ತಮ್ಮನ ಅರ್ಜಿ. ವಾದಪತ್ರದಲ್ಲಿ ಒಂದು ತಿದ್ದುಪಡಿ ಬೇಕೆಂದು ಅವನು ಕೇಳಿದ್ದ, ಅದೂ ವಜಾ ಆಯಿತು.

ರಿವಿಷನ್ನಿನ ಬಾಗಿಲು ಬಹಳ ಕಿರಿದು

115ನೇ ಕಲಮಿನಡಿ ರಿವಿಷನ್ ಕೇಳುವುದು ಹೈಕೋರ್ಟು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರು ಇದಕ್ಕೆ ಬೆಂಗಳೂರಿಗೇ ಹೋಗಬೇಕು. ಅಲ್ಲಿ ಈ ಕೇಸುಗಳು ಸಿವಿಲ್ ರಿವಿಷನ್ ಪಿಟಿಷನ್, ಅಂದರೆ ಸಿಆರ್‌ಪಿ ಎಂದು ನೋಂದಣಿಯಾಗುತ್ತವೆ. ಗಡುವು 90 ದಿನ. ಕೆಳಗಿನ ಕೋರ್ಟು ತನಗಿಲ್ಲದ ಅಧಿಕಾರವನ್ನು ಚಲಾಯಿಸಿತೇ, ಇದ್ದ ಅಧಿಕಾರವನ್ನು ಚಲಾಯಿಸದೆ ಬಿಟ್ಟಿತೇ, ಅಥವಾ ಚಲಾಯಿಸುವಾಗ ಕಾನೂನುಬಾಹಿರವಾಗಿ ಇಲ್ಲವೇ ಗಂಭೀರ ಅಕ್ರಮದೊಂದಿಗೆ ನಡೆದುಕೊಂಡಿತೇ ಎಂಬುದನ್ನಷ್ಟೇ ಹೈಕೋರ್ಟು ನೋಡುತ್ತದೆ. ಯಾವ ಸಾಕ್ಷಿ ನಿಜ ಹೇಳಿದ, ಯಾವ ಸಾಕ್ಷಿ ಸುಳ್ಳು ಹೇಳಿದ ಎಂಬ ಚರ್ಚೆಗೆ ಅಲ್ಲಿ ಜಾಗವಿಲ್ಲ.

2002ರ ಜುಲೈ 1ರಿಂದ ಜಾರಿಯಾದ ತಿದ್ದುಪಡಿ ಈ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿತು. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಆದೇಶ ನನ್ನ ಪರವಾಗಿ ಬಂದಿದ್ದರೆ ದಾವೆ ಅಲ್ಲಿಗೇ ಮುಗಿದುಹೋಗುತ್ತಿತ್ತೇ? ಅಣ್ಣನ ಅರ್ಜಿ ಮಂಜೂರಾಗಿದ್ದರೆ ವಾದಪತ್ರವೇ ತಿರಸ್ಕಾರವಾಗಿ ದಾವೆ ಮುಗಿಯುತ್ತಿತ್ತು. ಆದ್ದರಿಂದ ಅವನು ರಿವಿಷನ್ ಹಾಕಬಹುದು. ತಮ್ಮನ ತಿದ್ದುಪಡಿ ಅರ್ಜಿ ಮಂಜೂರಾಗಿದ್ದರೂ ದಾವೆ ಮುಂದೆ ನಡೆಯುತ್ತಲೇ ಇರುತ್ತಿತ್ತು. ಅವನಿಗೆ ರಿವಿಷನ್ ಇಲ್ಲ.

ಹಾಗಾದರೆ ತಮ್ಮ ಏನು ಮಾಡಬೇಕು? ಅವನ ಮುಂದೆ ಎರಡು ಆಯ್ಕೆಗಳಿವೆ. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಅರ್ಜಿ ಹಾಕುವುದು ಒಂದು. ಅದು ಹೈಕೋರ್ಟಿನ ಮೇಲ್ವಿಚಾರಣೆಯ ಅಧಿಕಾರ, ಅಪೀಲಿನಂಥ ಹಕ್ಕಲ್ಲ. ಅಂತಿಮ ತೀರ್ಪು ಬರುವ ತನಕ ಕಾದು, ಅಪೀಲಿನ ಆಧಾರಗಳಲ್ಲಿ ಆ ತಪ್ಪು ಆದೇಶವನ್ನೂ ಸೇರಿಸುವುದು ಇನ್ನೊಂದು. 105ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಆದೇಶ ದಾವೆಯ ಬುಡವನ್ನೇ ಅಲುಗಿಸುವಂತಿಲ್ಲದಿದ್ದರೆ ಎರಡನೆಯದೇ ವಾಸಿ ಎಂಬುದು ನನ್ನ ಅನಿಸಿಕೆ. ನಡುವೆ ಹೈಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ಮೂಲ ದಾವೆ ವರ್ಷಗಟ್ಟಲೆ ನಿಂತುಬಿಟ್ಟದ್ದನ್ನು ನೋಡಿದ್ದೇನೆ. ಇನ್ನೊಂದು ಮಾತು: ರಿವಿಷನ್ ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟಿನ ಕಲಾಪ ನಿಲ್ಲುವುದಿಲ್ಲ. ಹೈಕೋರ್ಟು ಬೇರೆಯಾಗಿ ತಡೆ ಕೊಟ್ಟರೆ ಮಾತ್ರ ನಿಲ್ಲುತ್ತದೆ.

ತೀರ್ಪು ಓದಿ, ತಪ್ಪುಗಳನ್ನು ಬೇರ್ಪಡಿಸಿ

ಈಗ ಆಗಸ್ಟ್ 4ರ ತೀರ್ಪಿಗೆ ಬರೋಣ. ತಮ್ಮನ ಕೈಯಲ್ಲಿ ನಾಲ್ಕು ದೂರುಗಳಿವೆ.

ಒಂದು, ತೀರ್ಪಿನಲ್ಲಿ ಸರ್ವೆ ನಂಬರ್ ತಪ್ಪಾಗಿ ಟೈಪಾಗಿದೆ. ಇದಕ್ಕೆ ಅಪೀಲೂ ಬೇಡ, ರಿವ್ಯೂನೂ ಬೇಡ. ಬರಹದ ತಪ್ಪು, ಕೂಡು-ಕಳೆಯುವ ತಪ್ಪುಗಳನ್ನು ಅದೇ ಕೋರ್ಟು 152ನೇ ಕಲಮಿನಡಿ ಯಾವಾಗ ಬೇಕಾದರೂ ಸರಿಪಡಿಸಬಹುದು. ಒಂದು ಚಿಕ್ಕ ಅರ್ಜಿ ಸಾಕು.

ಎರಡು, ಜಂಟಿ ಖಾತೆ ತೋರಿಸುವ ದಾಖಲೆಯನ್ನು ವಾದಿ ಹಾಜರುಪಡಿಸಿಲ್ಲ ಎಂದು ತೀರ್ಪಿನಲ್ಲಿದೆ. ಆದರೆ 2018ರ ಪಹಣಿ ಇಬ್ಬರ ಹೆಸರಿನಲ್ಲಿದ್ದು, ಅದು ನಿ.ಪಿ.4 ಎಂದು ಗುರುತಾಗಿ ಕಡತದಲ್ಲೇ ಇದೆ. ಕಡತ ತೆರೆದರೆ ಸಾಕು, ತಪ್ಪು ಕಣ್ಣಿಗೆ ಬೀಳುತ್ತದೆ. ಇದು ರಿವ್ಯೂಗೆ ಆಧಾರವಾಗಬಲ್ಲದು.

ಮೂರು, ಅಣ್ಣನ ಸಾಕ್ಷಿಗಳು ಪಾಟೀಸವಾಲಿನಲ್ಲಿ ಒಬ್ಬರಿಗೊಬ್ಬರು ವಿರುದ್ಧ ಹೇಳಿದ್ದರೂ ಕೋರ್ಟು ಅವರನ್ನು ನಂಬಿದೆ. ತಮ್ಮನಿಗೆ ಹೆಚ್ಚು ಸಂಕಟ ತಂದಿರುವುದು ಇದೇ. ಆದರೆ ಇದು ರಿವ್ಯೂಗೆ ಆಗುವ ಮಾತಲ್ಲ. ತಪ್ಪು ಎಂದು ತೋರಿಸಲು ಹೇಳಿಕೆಗಳನ್ನು ಸಾಲುಸಾಲಾಗಿ ಓದಿ ವಾದಿಸಬೇಕಾದರೆ ಅದು ಕಡತದ ಮುಖದಲ್ಲೇ ಕಾಣುವ ತಪ್ಪಲ್ಲ. ರಿವ್ಯೂ ಅಪೀಲಿನ ಮಾರುವೇಷವಾಗಬಾರದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1997ರಲ್ಲಿ ಸ್ಪಷ್ಟಪಡಿಸಿದೆ. ಸಾಕ್ಷ್ಯದ ತೂಕ ಅಳೆಯುವ ಕೆಲಸ ಅಪೀಲು ಕೋರ್ಟಿನದು.

ನಾಲ್ಕು, ಹೊಸ ದಾಖಲೆ. ತೀರ್ಪಿನ ನಂತರ ಮನೆಯ ಪೆಟ್ಟಿಗೆಯಲ್ಲಿ 2012ರ ಅಡಮಾನ ಪತ್ರ ಸಿಕ್ಕಿದೆ. ತೋಪು ಇಬ್ಬರದೂ ಎಂದು ಬರೆದು ಅಣ್ಣ-ತಮ್ಮ ಇಬ್ಬರೂ ಸಹಿ ಹಾಕಿದ್ದಾರೆ. 2004ರಲ್ಲಿ ಪಾಲಾಗಿದ್ದರೆ 2012ರಲ್ಲಿ ಜಂಟಿ ಸಹಿ ಏಕೆ? ಕೇಳಲು ಒಳ್ಳೆಯ ಪ್ರಶ್ನೆ. ಆದರೆ ರಿವ್ಯೂ ಕೇಳುವ ನ್ಯಾಯಾಧೀಶರು ತಮ್ಮನಿಗೆ ಕೇಳುವ ಪ್ರಶ್ನೆಯೇ ಬೇರೆ: "ಸಹಿ ಹಾಕಿದವನು ನೀನೇ ಅಲ್ಲವೇ, ಆಗ ಏಕೆ ತರಲಿಲ್ಲ?" ಸಾಕಷ್ಟು ಶ್ರದ್ಧೆಯಿಂದ ಹುಡುಕಿದರೂ ತಿಳಿಯದೇ ಹೋದ, ಅಥವಾ ಹಾಜರುಪಡಿಸಲು ಆಗದೇ ಹೋದ ದಾಖಲೆಗಷ್ಟೇ ಆರ್ಡರ್ 47ರಲ್ಲಿ ಜಾಗವಿದೆ. ಮರೆತದ್ದಕ್ಕೆ ಇಲ್ಲ. ಅದೇ ಪತ್ರವನ್ನು ಅಪೀಲಿನಲ್ಲಿ ಆರ್ಡರ್ 41 ರೂಲ್ 27ರಡಿ ಹೆಚ್ಚುವರಿ ಸಾಕ್ಷ್ಯವಾಗಿ ಕೊಡಲು ಕೇಳಬಹುದು. ಅಲ್ಲಿಯೂ ಶ್ರದ್ಧೆಯ ಪ್ರಶ್ನೆ ಬರುತ್ತದೆ. ಆದರೆ ತೀರ್ಪು ಕೊಡಲು ಆ ದಾಖಲೆ ಬೇಕೇ ಬೇಕು ಎಂದು ಅಪೀಲು ಕೋರ್ಟಿಗೇ ಅನ್ನಿಸಿದರೆ ತೆಗೆದುಕೊಳ್ಳುವ ಅವಕಾಶ ಅಲ್ಲಿದೆ. ಮಂಜೂರಾಗುತ್ತದೆ ಎಂಬ ಭರವಸೆಯನ್ನು ಯಾವ ವಕೀಲರೂ ಕೊಡಬಾರದು.

ನಾಲ್ಕರಲ್ಲಿ ಎರಡನೆಯದನ್ನೂ ಅಪೀಲಿನಲ್ಲಿ ಎತ್ತಬಹುದು. ಮೊದಲ ಅಪೀಲು ಕಾನೂನು, ಸಂಗತಿ ಎರಡನ್ನೂ ಮತ್ತೆ ತೂಗುತ್ತದೆ. ಹಾಗಾಗಿ ಈ ತಮ್ಮನಿಗೆ ದಾರಿ ಅಪೀಲೇ. ಸಿಟ್ಟು ಆರದೆ ಮೊದಲು ರಿವ್ಯೂ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ರಿವ್ಯೂ ಹಾಕಿದರೆ ಅಪೀಲಿನ ಗಡಿಯಾರ ನಿಲ್ಲುವುದಿಲ್ಲ

ಈ ಡಿಕ್ರಿಯ ಅಪೀಲಿಗಿರುವಂತೆ ರಿವ್ಯೂಗೂ 30 ದಿನ. ತೀರ್ಪು ಕೊಟ್ಟ ನ್ಯಾಯಾಧೀಶರು ಅದೇ ಕೋರ್ಟಿನಲ್ಲಿದ್ದರೆ ಅವರೇ ಕೇಳುತ್ತಾರೆ. ಐದು ತಿಂಗಳ ನಂತರ ಅರ್ಜಿ ವಜಾ ಆಯಿತು ಎನ್ನೋಣ. ಆ ವಜಾ ಆದೇಶಕ್ಕೆ ಅಪೀಲಿಲ್ಲ. ಅದರ ಮೇಲೆ ಮತ್ತೊಂದು ರಿವ್ಯೂನೂ ಇಲ್ಲ. ಮೂಲ ಡಿಕ್ರಿಗೆ ಅಪೀಲು ಹಾಕಲು ಹೊರಟರೆ ಅದರ 30 ದಿನ ಎಂದೋ ಮುಗಿದಿದೆ. ವಿಳಂಬ ಮನ್ನಿಸಿ ಎಂದು ಕಾಲಮಿತಿ ಅಧಿನಿಯಮದ 5ನೇ ಕಲಮಿನಡಿ ಅರ್ಜಿ, ಪ್ರಮಾಣಪತ್ರ ಹಾಕಿ ಕೋರ್ಟಿನ ವಿವೇಚನೆಗೆ ಬಿಡಬೇಕು. ಹಕ್ಕಾಗಿದ್ದದ್ದು ಬೇಡಿಕೆಯಾಗಿಬಿಡುತ್ತದೆ. ಹಿಂದುಮುಂದು ಮಾಡಿ, ಅಪೀಲು ಹಾಕಿದ ಮೇಲೆ ರಿವ್ಯೂ ಹಾಕುತ್ತೇನೆ ಎಂದರೂ ಆಗದು. ಅಪೀಲು ಹಾಕಿದವನಿಗೆ ರಿವ್ಯೂ ಬಾಗಿಲು ಮುಚ್ಚಿರುತ್ತದೆ.

ದಿನ ಎಣಿಸುವುದು ಹೀಗೆ

ಕಿರಿಯ ಸಿವಿಲ್ ನ್ಯಾಯಾಧೀಶರ ಡಿಕ್ರಿಯ ಮೇಲಿನ ಅಪೀಲು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ ಹೋಗುತ್ತದೆ. ಅದಕ್ಕೆ 30 ದಿನ. ಮೂಲ ತೀರ್ಪು ಹಿರಿಯ ಸಿವಿಲ್ ನ್ಯಾಯಾಧೀಶರದ್ದಾದರೆ ಅಪೀಲು ಯಾವ ಕೋರ್ಟಿಗೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹೈಕೋರ್ಟಿಗಾದರೆ 90 ದಿನ. ಪಕ್ಕದ ಮನೆಯವರಿಗೆ 90 ದಿನ ಸಿಕ್ಕಿತ್ತು ಎಂದು ನೀವೂ ಕಾಯಬೇಡಿ.

ತೀರ್ಪಿನ ದಿನವನ್ನು ಬಿಟ್ಟು ಆಗಸ್ಟ್ 5ರಿಂದ ಎಣಿಸಿದರೆ 30ನೇ ದಿನ ಸೆಪ್ಟೆಂಬರ್ 3. ತಮ್ಮ ಆಗಸ್ಟ್ 6ರಂದು ನಕಲು ವಿಭಾಗದಲ್ಲಿ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ಪ್ರತಿಗೆ ಅರ್ಜಿ ಕೊಟ್ಟ, ಪ್ರತಿ ಸಿದ್ಧವಾದದ್ದು ಆಗಸ್ಟ್ 19. ಈ 14 ದಿನಗಳನ್ನು ಕಾಲಮಿತಿ ಅಧಿನಿಯಮದ 12ನೇ ಕಲಮು ಬಿಟ್ಟುಕೊಡುತ್ತದೆ. ಹಾಗಾಗಿ ಕಡೇ ದಿನ ಸೆಪ್ಟೆಂಬರ್ 17. ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ ಎರಡೂ ಪ್ರತಿಯ ಮೇಲಿನ ಮುದ್ರೆಯಲ್ಲಿರುತ್ತವೆ, ಅದನ್ನು ನೋಡಿಯೇ ಎಣಿಸಿ. ಸಿದ್ಧವಾದ ಪ್ರತಿಯನ್ನು ತೆಗೆದುಕೊಳ್ಳದೆ ಆಗಸ್ಟ್ 28ರವರೆಗೆ ಬಿಟ್ಟಿದ್ದರೆ ಆ ದಿನಗಳು ನಿಮ್ಮ ಲೆಕ್ಕಕ್ಕೇ ಬೀಳುತ್ತವೆ. 30 ದಿನ ಮುಗಿದ ಮೇಲೆ ನಕಲಿಗೆ ಅರ್ಜಿ ಕೊಟ್ಟರಂತೂ ಒಂದು ದಿನವೂ ಉಳಿಯುವುದಿಲ್ಲ. ತೀರ್ಪಿನ ಮಾರನೆಯ ದಿನವೇ ನಕಲಿನ ಅರ್ಜಿ ಕೊಡಿ ಎಂದು ಹೇಳುವುದು ಇದಕ್ಕೇ.

ಅಪೀಲು ಹಾಕುವ ದಿನ

ಅಪೀಲು ಮೆಮೊದಲ್ಲಿ ಆಧಾರಗಳನ್ನು ಒಂದೊಂದಾಗಿ ಬರೆಯಬೇಕು. "ತೀರ್ಪು ನ್ಯಾಯಸಮ್ಮತವಲ್ಲ" ಎಂಬ ಒಂದೇ ಸಾಲಿನಿಂದ ಕೆಲಸವಾಗದು. ಯಾವ ಸಾಕ್ಷಿ ಪಾಟೀಸವಾಲಿನಲ್ಲಿ ಏನು ಒಪ್ಪಿಕೊಂಡ, ನಿ.ಪಿ.4 ತೀರ್ಪಿನಲ್ಲಿ ಹೇಗೆ ಬಿಟ್ಟುಹೋಗಿದೆ, ತಿದ್ದುಪಡಿ ಅರ್ಜಿ ವಜಾ ಆದದ್ದರಿಂದ ತೀರ್ಮಾನಕ್ಕೆ ಏನು ಪೆಟ್ಟಾಯಿತು ಎಂದು ಹೇಳಬೇಕು. ಜೊತೆಗೆ ತೀರ್ಪಿನ ದೃಢೀಕೃತ ಪ್ರತಿ, ಕೋರ್ಟ್ ಫೀ, ವಕಾಲತ್ತು, ಅಡಮಾನ ಪತ್ರಕ್ಕಾಗಿ ರೂಲ್ 27ರ ಅರ್ಜಿ. ಇಷ್ಟಾದರೆ ರೆಗ್ಯುಲರ್ ಅಪೀಲು, ಅಂದರೆ ಆರ್.ಎ. ನಂಬರ್ ಬೀಳುತ್ತದೆ.

ಇನ್ನೊಂದು ಅರ್ಜಿಯನ್ನು ಹಲವರು ಮರೆಯುತ್ತಾರೆ. ಅಪೀಲು ಹಾಕಿದ ಮಾತ್ರಕ್ಕೆ ಎದುರಾಳಿಯ ಕೈ ಕಟ್ಟಿದಂತಾಗುವುದಿಲ್ಲ. ಹಣ ಕಟ್ಟು, ಸ್ವಾಧೀನ ಬಿಟ್ಟುಕೊಡು ಎನ್ನುವ ಡಿಕ್ರಿಯಾಗಿದ್ದರೆ ಅದರ ಜಾರಿಗೆ ತಡೆ ಕೇಳಬೇಕು. ಇಲ್ಲಿ ದಾವೆ ವಜಾ ಆಗಿರುವುದರಿಂದ ತಡೆಯುವಂಥ ಡಿಕ್ರಿಯೇ ಇಲ್ಲ. ಅಪೀಲು ಮುಗಿಯುವವರೆಗೆ ಅಣ್ಣ ತೋಪನ್ನು ಮಾರಬಾರದು, ಮರ ಕಡಿಸಬಾರದು ಎಂದು ತಾತ್ಕಾಲಿಕ ತಡೆಯಾಜ್ಞೆಗೆ ಅದೇ ದಿನ ಅರ್ಜಿ ಕೊಡಬೇಕು.

ಅಪೀಲಿನಲ್ಲೂ ಸೋತರೆ ಹೈಕೋರ್ಟಿಗೆ ಎರಡನೇ ಅಪೀಲು, 90 ದಿನದೊಳಗೆ. ಆದರೆ ಅಲ್ಲಿ ಸಾಕ್ಷಿಗಳನ್ನು ಮತ್ತೆ ತೂಗಿಸಲು ಆಗುವುದಿಲ್ಲ. ಗಣನೀಯವಾದ ಕಾನೂನು ಪ್ರಶ್ನೆ ಇದ್ದರಷ್ಟೇ ಅದು ವಿಚಾರಣೆಗೆ ಬರುತ್ತದೆ. ಅಣ್ಣನ ಸಾಕ್ಷಿಗಳು ಹೇಳಿದ್ದೆಲ್ಲವನ್ನೂ ತಿರುವಿಹಾಕಿ ತೋರಿಸಲು ತಮ್ಮನಿಗಿರುವ ಜಾಗ ಸೆಪ್ಟೆಂಬರ್ 17ರೊಳಗೆ ಹಾಕುವ ಆ ಆರ್.ಎ.ಯಲ್ಲೇ.