ಪ್ರವಚನದ ಸಾರದಲ್ಲಿ ನಮ್ಮ ಮಾತು ಸೇರದಿರಲಿ

ತುಮಕೂರಲ್ಲಿ ನಮ್ಮ ಬಡಾವಣೆಯ ಶ್ರಾವಣದ ಪ್ರವಚನಗಳನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಬರಲಾಗದವರಿಗೆ ಸಾರ ಬರೆದು ಕಳಿಸುತ್ತೇನೆ. ಹೋದ ವರ್ಷ ಒಂದೇ ಸಾಲಲ್ಲಿ ಎಡವಿದೆ. "ದುಡಿದದ್ದನ್ನು ದಾನ ಮಾಡಬೇಕು" ಅಂತ ಬರೆದಿದ್ದೆ. ಮತ್ತೆ ಕೇಳಿದರೆ ಸ್ವಾಮಿಗಳು ಹೇಳಿದ್ದು ದಾಸೋಹ! ಅದೂ ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು. ದಾನದಲ್ಲಿ ಕೊಟ್ಟೆನೆಂಬ ಹಮ್ಮು ಇರಬಹುದು, ದಾಸೋಹದಲ್ಲಿ ಇರಬಾರದು ಎಂದು ಅವರು ಬಿಡಿಸಿ ಹೇಳಿದ್ದರು. ನನ್ನ ಸಾಲು ಅದನ್ನೇ ಅಳಿಸಿಬಿಟ್ಟಿತ್ತು.

ಈಗ ಮೊದಲ ಸಲ ಸುಮ್ನೆ ಕೇಳುತ್ತೇನೆ, ಪೆನ್ನು ಮುಟ್ಟಲ್ಲ. ಎರಡನೇ ಸಲ ನಿಮಿಷ ಹಾಕಿ ಅವರ ಮಾತನ್ನೇ ಬರೆದುಕೊಳ್ಳುತ್ತೇನೆ: "18:40, ಉಳಿದದ್ದು ದಾಸೋಹಕ್ಕೆ". ಕಾಯಕ, ಜಂಗಮದಂಥ ಪದಗಳನ್ನು ಬದಲಿಸಲ್ಲ. "ಆದರೆ", "ಗೃಹಸ್ಥರಿಗೆ", "ಸಾಧ್ಯವಾದರೆ" ಅನ್ನೋ ಸಣ್ಣ ಮಾತುಗಳನ್ನೂ ಬಿಡಲ್ಲ. ಅವು ಹೋದರೆ ಸಲಹೆ ಕಟ್ಟಪ್ಪಣೆ ಆಗುತ್ತೆ, ಅಲ್ವಾ?

ಜಾಸ್ತಿ ಜಾರುವುದು ಕಥೆಗಳಲ್ಲಿ. ಕಥೆ ಹೇಳಿ ನೀತಿ ಹೇಳದೆ ಮುಂದೆ ಹೋದರೆ ನಾನೂ ಕಥೆಯನ್ನಷ್ಟೇ ಬರೆಯುತ್ತೇನೆ. ಮೈಕ್ ಗೊರಗೊರ ಎಂದ ಕಡೆ "ಕೇಳಿಸಲಿಲ್ಲ" ಅಂತ ಹಾಕುತ್ತೇನೆ. ಕೊನೆಗೆ ಪ್ರತಿ ಸಾಲಿಗೂ ನಿಮಿಷ ಹುಡುಕುತ್ತೇನೆ. ಸಿಗದ ಸಾಲು ನನ್ನದೇ, ಹೊಡೆದು ಹಾಕುತ್ತೇನೆ.