ಬಾಕಿ ಪಟ್ಟಿಯ ಒಂದು ಸಾಲನ್ನು ರೆಸ್ಯೂಮೆಯಲ್ಲಿ ಹೇಗೆ ಬರೆದೆ

ಗಂಗಾವತಿಯ ರೈಸ್ ಮಿಲ್ ಒಂದರಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವನು ನಾನು. ಡೇಟಾ ಅನಾಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕುವಾಗ ರೆಸ್ಯೂಮೆಯಲ್ಲಿ ಹೀಗೊಂದು ಸಾಲಿತ್ತು: ‘ಪ್ರತಿ ತಿಂಗಳು ಬಾಕಿ ವರದಿ ತಯಾರಿಸುವುದು.’ ಸುಳ್ಳೇನಲ್ಲ. ಆದರೆ ಓದಿದವರಿಗೆ ಟ್ಯಾಲಿಯಿಂದ ಸುಮ್ನೆ ಪ್ರಿಂಟ್ ತೆಗೆಯುವ ಕೆಲಸ ಅನ್ನಿಸುತ್ತದೆ, ಅಲ್ವಾ?

ಮಾಡಿದ ಕೆಲಸ ಅದಕ್ಕಿಂತ ಜಾಸ್ತಿ ಇತ್ತು. ನಮ್ಮ ಅಕ್ಕಿ ದಲ್ಲಾಳಿಗಳ ಮೂಲಕ ಉದ್ರಿಗೆ ಹೋಗುತ್ತಿತ್ತು. ಒಮ್ಮೆ ಸಾವ್ಕಾರ್ರು, ‘ರೊಕ್ಕ ಯಾಕ್ರೀ ಇಷ್ಟು ತಡಾ ಬರ್ತದ?’ ಅಂದರು. 30, 60, 90 ದಿನದ ಪಟ್ಟಿ ಯಾರದು ಎಷ್ಟು ಬಾಕಿ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಹಾಗಾಗಿ ಎರಡು ವರ್ಷದ ಬಿಲ್‌ಗಳನ್ನು ಎಕ್ಸೆಲ್‌ಗೆ ತೆಗೆದೆ. ದಲ್ಲಾಳಿ ಹೆಸರು ನರೇಶನ್‌ನಲ್ಲಿ ಒಂದೊಂದು ಕಡೆ ಒಂದೊಂದು ಥರ ಇತ್ತು. ಅದನ್ನು ಒಂದೇ ರೂಪಕ್ಕೆ ತರುವುದರಲ್ಲೇ ಹೆಚ್ಚು ಹೊತ್ತು ಹೋಯಿತು. ಪಿವೋಟ್ ಟೇಬಲ್ ಹಾಕಿದಾಗ ಗೊತ್ತಾಯಿತು: ಅದೇ ಅಂಗಡಿಯವರು ಒಬ್ಬ ದಲ್ಲಾಳಿ ಮೂಲಕ ಬೇಗ ಕೊಡುತ್ತಾರೆ, ಇನ್ನೊಬ್ಬರ ಮೂಲಕ ತಡವಾಗಿ ಕೊಡುತ್ತಾರೆ.

ಇಲ್ಲಿ ಒಂದು ಬಲೆ ಇದೆ. ಹಣ ಬಂದ ಬಿಲ್‌ಗಳ ಸರಾಸರಿ ದಿನ ಮಾತ್ರ ನೋಡಿದರೆ ಇತ್ತೀಚಿನ ತಿಂಗಳು ಯಾವಾಗಲೂ ಚೆನ್ನಾಗೇ ಕಾಣುತ್ತದೆ. ತಡವಾಗುವ ಬಿಲ್‌ಗಳು ಇನ್ನೂ ಬಾಕಿ ಇರುವುದರಿಂದ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ 45 ದಿನ ತುಂಬಿದ ಬಿಲ್‌ಗಳನ್ನಷ್ಟೇ ತೆಗೆದುಕೊಂಡೆ. ಅವುಗಳ ಮೊತ್ತದಲ್ಲಿ 45 ದಿನದೊಳಗೆ ಶೇಕಡಾ ಎಷ್ಟು ಬಂತು ಎಂದು ಅಳೆದೆ. ಅದಕ್ಕೆ ಮೊದಲು ಪ್ರತಿ ಬಿಲ್‌ಗೂ ಗುರುತು ಹಾಕಿದೆ, 45 ದಿನದೊಳಗೆ ಹಣ ಬಂದಿದ್ದರೆ 1, ಇಲ್ಲದಿದ್ದರೆ 0. B ಬಿಲ್ ದಿನಾಂಕ, C ಹಣ ಬಂದ ದಿನಾಂಕ:

```
=IF(TODAY()-B2<45,"",IF(C2="",0,IF(C2-B2<=45,1,0)))
```

ಸುಗ್ಗಿಯ ಮಾರಾಟ ಬೇರೆ, ಉಳಿದ ತಿಂಗಳ ಮಾರಾಟ ಬೇರೆ. ಅದಕ್ಕೇ ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿದೆ.

ಈಗ ಸಾಲು ಹೀಗಾಯಿತು: ‘ಎರಡು ವರ್ಷದ ಬಿಲ್‌ಗಳನ್ನು ವಿಶ್ಲೇಷಿಸಿ, ಪಾವತಿಯ ತಡ ದಲ್ಲಾಳಿವಾರು ಬದಲಾಗುವುದನ್ನು ತೋರಿಸಿದೆ. ಇದನ್ನು ನೋಡಿ ಮಾಲೀಕರು ಹಣ ಬಂದ ಮೇಲೆಯೇ ದಲ್ಲಾಳಿ ಕಮಿಷನ್ ಕೊಡಲು ಶುರು ಮಾಡಿದರು. 45 ದಿನದೊಳಗಿನ ವಸೂಲಿ ಶೇ 58ರಿಂದ ಶೇ 71ಕ್ಕೆ ಏರಿತು.’

‘ವಸೂಲಿ ಹೆಚ್ಚಿಸಿದೆ’ ಅಂತ ಬೇಕೆಂದೇ ಬರೆಯಲಿಲ್ಲ. ನಿರ್ಧಾರ ಸಾವ್ಕಾರ್ರದು. ಆ ವರ್ಷ ಅಕ್ಕಿಗೆ ಒಳ್ಳೆ ಬೇಡಿಕೆ ಬೇರೆ ಇತ್ತು, ಏರಿಕೆಯಲ್ಲಿ ಅದರ ಪಾಲೂ ಇರಬಹುದು. ಸಂದರ್ಶನದಲ್ಲಿ ಕೇಳಿದ್ದೂ ಇದನ್ನೇ: ‘ನಿಯಮ ಬದಲಾಗದಿದ್ದರೂ ಏರುತ್ತಿತ್ತೇನೋ?’ ಮೊದಲಿನಿಂದಲೂ ಸರಿಯಾಗಿ ಕೊಡುತ್ತಿದ್ದ ದಲ್ಲಾಳಿಗಳ ಅಂಕಿ ಹೆಚ್ಚೇನೂ ಕದಲಿರಲಿಲ್ಲ, ತಡ ಮಾಡುತ್ತಿದ್ದವರದ್ದೇ ಏರಿತ್ತು. ಹೆಸರು ತೆಗೆದ ಪಿವೋಟ್ ತೆರೆದು ಆ ಎರಡು ಗುಂಪನ್ನು ಅಕ್ಕಪಕ್ಕ ತೋರಿಸಿದೆ. ಉಳಿದ ಪ್ರಶ್ನೆಗಳೆಲ್ಲ ಎಸ್‌ಕ್ಯೂಎಲ್ ಮೇಲೆ ಬಂದವು.